ಒಂದು ಬಾಳೆಹಣ್ಣು ಎಂದರೆ ಎಷ್ಟು?

ಎಲ್ಲರಿಗೂ ನಮಸ್ಕಾರ. ಶುಗರ್ ಇರುವವರು ನನ್ನನ್ನು ಹೆಚ್ಚಾಗಿ ಕೇಳುವ ಪ್ರಶ್ನೆ ಒಂದೇ: 'ಒಂದು ಬಾಳೆಹಣ್ಣು ತಿನ್ನಬಹುದಾ?' ನಾನು ತಿರುಗಿ ಕೇಳುತ್ತೇನೆ, ಯಾವ ಬಾಳೆ?

ಮೇಜಿನ ಮೇಲೆ ಎರಡು ಹಣ್ಣಿವೆ. ಒಂದು ಏಲಕ್ಕಿ, ಇನ್ನೊಂದು ಗೋಣಿಕೊಪ್ಪದಿಂದ ತಂದ ದೊಡ್ಡ ನೇಂದ್ರ. ಸಿಪ್ಪೆ ತೆಗೆದು ತಕ್ಕಡಿಯಲ್ಲಿ ಇಡುತ್ತೇನೆ, ನೋಡಿ. ಏಲಕ್ಕಿಯ ತಿರುಳು 45 ಗ್ರಾಂ, ನೇಂದ್ರದ್ದು 160 ಗ್ರಾಂ. ಸಾಮಾನ್ಯ ಬಾಳೆಹಣ್ಣಿನ 100 ಗ್ರಾಂ ತಿರುಳಿನಲ್ಲಿ ಸುಮಾರು 23 ಗ್ರಾಂ ಕಾರ್ಬೋಹೈಡ್ರೇಟ್ ಇರುತ್ತದೆ. ನೇಂದ್ರದಲ್ಲಿ ನೀರು ಕಡಿಮೆ, ಹಾಗಾಗಿ ಅದರಲ್ಲಿ 32 ಗ್ರಾಂ ಹತ್ತಿರ ಇರುತ್ತದೆ. ಲೆಕ್ಕ ಹಾಕಿದರೆ ಈ ಏಲಕ್ಕಿಯಲ್ಲಿ 10 ಗ್ರಾಂ, ಈ ನೇಂದ್ರದಲ್ಲಿ 50 ಗ್ರಾಂ. ಒಂದು ಕಪ್ ಅನ್ನದಲ್ಲಿ ಇರುವುದೇ ಸುಮಾರು 45 ಗ್ರಾಂ. ಊಟದ ಮೇಲೆ ಇಡೀ ನೇಂದ್ರ ತಿಂದರೆ ಇನ್ನೊಂದು ಕಪ್ ಅನ್ನ ಬಡಿಸಿಕೊಂಡ ಹಾಗೇ ಆಯಿತು, ಅಲ್ವಾ?

ಹಾಗಾದರೆ ಕಾಯಿ ತಿಂದರೆ ಪರವಾಗಿಲ್ಲವೇ? ಇಲ್ಲಿ ಅರ್ಧ ಸತ್ಯ ಇದೆ. ಹಸಿರು ಬಾಳೆಕಾಯಿಯಲ್ಲಿ ಹೆಚ್ಚಿನದು ಪಿಷ್ಟ. ಅದರಲ್ಲಿ ಸಾಕಷ್ಟು ಭಾಗ ಸಣ್ಣ ಕರುಳಿನಲ್ಲಿ ಜೀರ್ಣವಾಗದೆ ಮುಂದೆ ಹೋಗುತ್ತದೆ. ಮಾಗುತ್ತಾ ಹೋದ ಹಾಗೆ ಆ ಪಿಷ್ಟವೇ ಸಕ್ಕರೆಯಾಗುತ್ತದೆ. ಒಟ್ಟು ಕಾರ್ಬೋಹೈಡ್ರೇಟ್ ಅಷ್ಟೇನೂ ಬದಲಾಗುವುದಿಲ್ಲ, ಅದು ರಕ್ತಕ್ಕೆ ಸೇರುವ ವೇಗ ಬದಲಾಗುತ್ತದೆ. ಸಿಪ್ಪೆಯಲ್ಲಿ ಕಪ್ಪು ಚುಕ್ಕೆ ತುಂಬಿದ ಹಣ್ಣು ಬೇಗ ಶುಗರ್ ಏರಿಸುತ್ತದೆ. ತುದಿಯಲ್ಲಿ ಇನ್ನೂ ಹಸಿರು ಇರುವ ಹಣ್ಣು ಸ್ವಲ್ಪ ನಿಧಾನ.

ಆದರೆ ಕಾಯಿಯನ್ನು ಯಾರೂ ಹಸಿಯಾಗಿ ತಿನ್ನುವುದಿಲ್ಲ. ಬೇಯಿಸಿದ ಕೂಡಲೇ ಆ ಗಟ್ಟಿ ಪಿಷ್ಟದ ಬಹುಪಾಲು ಸುಲಭವಾಗಿ ಜೀರ್ಣವಾಗುವಂತೆ ಆಗುತ್ತದೆ. ಬಾಳೆಕಾಯಿ ಪಲ್ಯವನ್ನು ತರಕಾರಿ ಅಂತ ಎಣಿಸಬೇಡಿ, ಅನ್ನದ ಲೆಕ್ಕಕ್ಕೇ ಸೇರಿಸಿ. ಬೇಯಿಸಿದ ನೇಂದ್ರವೂ ಹಾಗೆಯೇ.

ಹುತ್ತರಿಯ ತಂಬುಟ್ಟು ಬಿಡಿ ಎಂದು ನಾನು ಹೇಳುವುದಿಲ್ಲ. ಆದರೆ ಅದರಲ್ಲಿ ಚೆನ್ನಾಗಿ ಮಾಗಿದ ಬಾಳೆಹಣ್ಣೂ ಇದೆ, ಹುರಿದ ಅಕ್ಕಿಹಿಟ್ಟೂ ಇದೆ. ಅರ್ಧ ನೇಂದ್ರದಿಂದ 25 ಗ್ರಾಂ, ಎರಡು ದೊಡ್ಡ ಚಮಚ ಹಿಟ್ಟಿನಿಂದ ಸುಮಾರು 15 ಗ್ರಾಂ. ಬೆಲ್ಲ ಹಾಕದಿದ್ದರೂ 40 ಆಯಿತು. ಅಂದು ಆ ಹೊತ್ತಿನ ಊಟದಲ್ಲಿ ಅನ್ನವನ್ನೋ ಕಡಂಬುಟ್ಟನ್ನೋ ಅಷ್ಟೇ ಕಡಿಮೆ ಮಾಡಿ.

ಉಳಿದ ಹಣ್ಣುಗಳಿಗೆ 15 ಗ್ರಾಂ ಕಾರ್ಬೋಹೈಡ್ರೇಟನ್ನು ಒಂದು ಪಾಲು ಎಂದುಕೊಳ್ಳೋಣ. ಮಾಗಿದ ಮಾವಿನ ತಿರುಳು 100 ಗ್ರಾಂ ಆದರೆ ಒಂದು ಪಾಲು. ಮಧ್ಯಮ ಗಾತ್ರದ ಹಣ್ಣಿನಲ್ಲಿ ಅರ್ಧ, ಅಷ್ಟೇ. ಕಾಡುಮಾವಿನ ಕರಿಯಲ್ಲಿ ಹಣ್ಣು ಹುಳಿ ಇದ್ದರೂ ಬೆಲ್ಲ ಬೀಳುತ್ತದೆ. 10 ಗ್ರಾಂ ಬೆಲ್ಲ ಎಂದರೆ ಸುಮಾರು 9 ಗ್ರಾಂ ಸಕ್ಕರೆ. ಪರಂಗಿಹಣ್ಣಿನಲ್ಲಿ ನೀರು ಹೆಚ್ಚು, ಒಂದು ಸಣ್ಣ ಬಟ್ಟಲು, ಅಂದರೆ 140 ಗ್ರಾಂವರೆಗೆ ಒಂದೇ ಪಾಲು. ಪರಂಗಿಯಲ್ಲಿ ಕೂಡಿಟ್ಟ ಪಿಷ್ಟ ಇಲ್ಲವೆಂದರೂ ಆದೀತು. ಅದಕ್ಕೇ ಬೇಗ ಕಿತ್ತ ಕಾಯಿ ಮನೆಯಲ್ಲಿ ಮೆತ್ತಗಾಗುತ್ತದೆ, ಸಿಹಿ ಮಾತ್ರ ಬರುವುದಿಲ್ಲ.

ಈ ನಾಲ್ಕರಲ್ಲಿ ನನ್ನ ಆಯ್ಕೆ ಸೀಬೆ. 100 ಗ್ರಾಂನಲ್ಲಿ ಕಾರ್ಬೋಹೈಡ್ರೇಟ್ 14 ಗ್ರಾಂ, ಅದರಲ್ಲಿ 5 ಗ್ರಾಂ ನಾರು. ಕಚ್ಚಿದರೆ ಕರುಂ ಅನ್ನುವ ಹದದಲ್ಲಿ, ಸಿಪ್ಪೆ ಸಮೇತ ತಿನ್ನಿ. ಜ್ಯೂಸ್ ಮಾಡಿ ಸೋಸಿದರೆ ನಾರು ಜರಡಿಯಲ್ಲೇ ಉಳಿಯುತ್ತದೆ.

ನಿಮ್ಮ ಪಾಲು ಸರಿಯೇ ಎಂದು ಗ್ಲುಕೋಮೀಟರ್‌ನಲ್ಲಿ ನೋಡಬಹುದು. ಸಂಜೆ, ಬೇರೇನೂ ತಿನ್ನದೆ, ಮೊದಲು ಒಮ್ಮೆ ಪರೀಕ್ಷೆ ಮಾಡಿ. ಕಾಲು ನೇಂದ್ರ, ಅಂದರೆ 40 ಗ್ರಾಂ ತಿನ್ನಿ. ಮೊದಲ ತುತ್ತಿನಿಂದ ಎರಡು ಗಂಟೆಗೆ ಮತ್ತೆ ನೋಡಿ. 125 ಇದ್ದದ್ದು 150 ಆದರೆ ಆ ಪಾಲು ನಿಮಗೆ ಹೊಂದುತ್ತದೆ. 200 ದಾಟಿದರೆ ಪಾಲು ಇಳಿಸಿ, ಅಥವಾ ಕಡಿಮೆ ಮಾಗಿದ್ದನ್ನು ಆರಿಸಿ ಇನ್ನೊಂದು ದಿನ ಅದೇ ರೀತಿ ನೋಡಿ. ಒಂದೇ ಸಲದ ಅಂಕಿ ನಂಬಬೇಡಿ. ತೋಟದಲ್ಲಿ ದಿನವಿಡೀ ಓಡಾಡಿದ ಸಂಜೆಗೂ ಮಳೆಯಲ್ಲಿ ಮನೆಯಲ್ಲೇ ಕೂತ ಸಂಜೆಗೂ ವ್ಯತ್ಯಾಸ ಬರುತ್ತದೆ.

ಕಿಡ್ನಿ ತೊಂದರೆ ಇರುವವರಿಗೆ ಈ ಲೆಕ್ಕ ಸಾಲದು. ಬಾಳೆ, ಸೀಬೆಗಳಲ್ಲಿ ಪೊಟ್ಯಾಸಿಯಂ ಜಾಸ್ತಿ, ಎಷ್ಟು ತಿನ್ನಬೇಕೆಂದು ಡಾಕ್ಟರನ್ನು ಕೇಳಿ. ಇನ್ಸುಲಿನ್ ತೆಗೆದುಕೊಳ್ಳುವವರು ಹಣ್ಣೋ ಅನ್ನವೋ ಒಮ್ಮೆಲೇ ಕಡಿಮೆ ಮಾಡುವ ಮುಂಚೆ ಡೋಸ್ ಬಗ್ಗೆ ಮಾತಾಡಿ. ಶುಗರ್ ತೀರಾ ಇಳಿದು ಬೆವರಿ ನಡುಗುವಾಗ ನೇಂದ್ರ ಸುಲಿಯುತ್ತಾ ಕೂರಬೇಡಿ. ಆಗ ಬೇಕಾದದ್ದು ನೀರಿನಲ್ಲಿ ಕರಗಿಸಿದ ಮೂರು ಟೀ ಚಮಚ ಗ್ಲುಕೋಸ್ ಇಲ್ಲವೇ ಸಕ್ಕರೆ.