7 ಕೆಜಿ ಅಂದ್ರೆ ಯಾವ 7 ಕೆಜಿ? ಬ್ಯಾಂಕಾಕ್ ಗೇಟಲ್ಲಿ ಕೈ ಸುಟ್ಟುಕೊಂಡ ಕಥೆ

ಹಾಂ, ಕ್ಯಾಮೆರಾ ಆನ್ ಆಗಿದೆ. ಬೆಳಗಿನ ಜಾವ ಎರಡೂವರೆ. ನನ್ನ ಮುಖ ನೋಡಿ ಹೆದರಬೇಡಿ, ನಿದ್ದೆ ಇಲ್ಲ. ಹಿಂದೆ ಕಾಣ್ತಿರೋದು ಅಕ್ಕ. ಅವಳು ಎರಡು ದಿನದ ಹಿಂದೆಯೇ ಪ್ಯಾಕ್ ಮಾಡಿ ಮುಗಿಸಿದ್ದಾಳೆ. ನಾನು ಈಗ ಶುರು ಮಾಡಿದ್ದೇನೆ.

ಬೆಂಗಳೂರಿನಿಂದ ಸಿಂಗಪುರ, ಅಲ್ಲಿಂದ ಬ್ಯಾಂಕಾಕ್, ಅಲ್ಲಿಂದ ಕ್ವಾಲಾಲಂಪುರ, ಮತ್ತೆ ಬೆಂಗಳೂರು. ಒಂಬತ್ತು ದಿನ, ನಾಲ್ಕು ವಿಮಾನ, ನಾಲ್ಕೂ ಬೇರೆ ಬೇರೆ ಟಿಕೆಟ್. ಯಾವುದು ಅಗ್ಗ ಕಂಡಿತೋ ಅದನ್ನೇ ಒತ್ತಿದ್ದು. ಚೆಕ್-ಇನ್ ಲಗೇಜ್ ಯಾವುದಕ್ಕೂ ತಗೊಂಡಿಲ್ಲ. ಕೈಯಲ್ಲಿ ಹಿಡಿಯೋ ಬ್ಯಾಗಲ್ಲೇ ಎಲ್ಲ. ಆಗ ನನಗೆ ನಾನೇ ದೊಡ್ಡ ಜಾಣೆ ಅನಿಸಿತ್ತು.

ಇದು ಅಮ್ಮನ ಅಡುಗೆಮನೆ ಪಕ್ಕದ ತೂಕದ ಯಂತ್ರ. ಮೊದಲು ನಾನೊಬ್ಬಳೇ ನಿಲ್ಲೋದು, ಆಮೇಲೆ ಟ್ರಾಲಿ ಎತ್ತಿಕೊಂಡು ನಿಲ್ಲೋದು, ಕಳೆಯೋದು. ಮೊದಲನೇ ಅಂಕಿ ಎಡಿಟ್‌ನಲ್ಲಿ ಮಸುಕು ಮಾಡಿದ್ದೇನೆ, ಹುಡುಕಬೇಡಿ. ಟ್ರಾಲಿ 6.8 ಕೆಜಿ. ಲ್ಯಾಪ್‌ಟಾಪ್ ಬ್ಯಾಗ್ ಸರಿಯಾಗಿ 3 ಕೆಜಿ. ಇಂಡಿಗೋದಲ್ಲಿ ಕೈಬ್ಯಾಗ್ 7 ಕೆಜಿ, ಅದರ ಜೊತೆ ಪರ್ಸ್ ಅಥವಾ ಸಣ್ಣ ಲ್ಯಾಪ್‌ಟಾಪ್ ಬ್ಯಾಗ್ 3 ಕೆಜಿವರೆಗೆ. ಎರಡಕ್ಕೂ ಬೇರೆ ಬೇರೆ ಲೆಕ್ಕ. ಅಂದರೆ ನಾನು ಪಾಸ್. ಅದೂ ಫಸ್ಟ್ ಕ್ಲಾಸ್‌ನಲ್ಲಿ.

ಅಮ್ಮ ಕೊನೇ ನಿಮಿಷದಲ್ಲಿ ಚಟ್ನಿಪುಡಿ, ಚಕ್ಕುಲಿ ತುರುಕಿದ್ದೂ ಆ 6.8ರಲ್ಲೇ ಸೇರಿದೆ. ಅದೇ 800 ಗ್ರಾಂ. ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತೆ.

ಸಿಂಗಪುರ. ಇದು ಚಾಂಗಿ ವಿಮಾನ ನಿಲ್ದಾಣದ ಪಕ್ಕದ ಜುವೆಲ್, ಒಳಗಡೆಯೇ ಜಲಪಾತ. ಎಲ್ಲರೂ ತೋರಿಸ್ತಾರೆ, ನಾನೂ ತೋರಿಸ್ತಿದ್ದೇನೆ. ಚೆನ್ನಾಗಿದೆ. ಆದರೆ ಜೋಗ ನೋಡಿದವರ ಹತ್ತಿರ ಜಾಸ್ತಿ ಹೇಳಬೇಡಿ. ಅಕ್ಕ ಇಲ್ಲಿ ಕಾಫಿಗೆ ಸಕ್ಕರೆ ಬೇಡ ಅನ್ನೋದನ್ನು ಅವರ ಭಾಷೆಯಲ್ಲಿ ಕಲಿತಳು. 'ಕೋಪಿ ಕೋಸೋಂಗ್'. ದಿನಕ್ಕೆ ನಾಲ್ಕು ಸಲ ಹೇಳ್ತಾಳೆ, ಕಾಫಿ ಬೇಡದಿದ್ದರೂ.

ಸರಿ, ವಿಷಯಕ್ಕೆ ಬರೋಣ. ಬ್ಯಾಂಕಾಕಿಗೆ ಹೋಗಿದ್ದು ಸ್ಕೂಟ್ ವಿಮಾನದಲ್ಲಿ. ಇವರ ಲೆಕ್ಕವೇ ಬೇರೆ. ಎಕಾನಮಿಯಲ್ಲಿ ಒಂದು ಬ್ಯಾಗ್, ಒಂದು ಸಣ್ಣ ಚೀಲ, ಎರಡೂ ಸೇರಿ 10 ಕೆಜಿ. ನನ್ನದು 6.8 ಪ್ಲಸ್ 3, ಒಟ್ಟು 9.8. ಇಲ್ಲೂ ಪಾಸ್. ಇಲ್ಲೇ ನಾನು ದಾರಿ ತಪ್ಪಿದ್ದು ನೋಡಿ. ಒಂದು ಕಡೆ 7 ಪ್ಲಸ್ 3, ಇನ್ನೊಂದು ಕಡೆ ಒಟ್ಟು 10. ಎರಡೂ ಒಂದೇ ತರಹ ಕಾಣುತ್ತೆ ಅಲ್ವಾ? ಹಾಗಾಗಿ ಮೂರನೇ ವಿಮಾನದ ಟಿಕೆಟ್‌ನಲ್ಲಿ '7 ಕೆಜಿ' ಅಂತ ನೋಡಿದಾಗ, ಓ, ಇದೂ ಇಂಡಿಗೋ ತರಹವೇ, ಲ್ಯಾಪ್‌ಟಾಪ್ ಬ್ಯಾಗ್ ಬೇರೆ ಅಂದುಕೊಂಡೆ. ಕೆಳಗಿನ ಸಾಲು ಓದಲಿಲ್ಲ.

ಅಳತೆಯ ವಿಷಯ ಇಲ್ಲೇ ಹೇಳಿಬಿಡ್ತೇನೆ, ಅಕ್ಕ ಲೈನ್‌ನಲ್ಲಿ ನಿಂತಿದ್ದಾಳೆ. ಇಂಡಿಗೋ 55, 35, 25 ಸೆಂಟಿಮೀಟರ್ ಅನ್ನುತ್ತೆ. ಸ್ಕೂಟ್ 54, 38, 23. ಕೂಡಿಸಿ ನೋಡಿ, ಎರಡೂ 115. ಮೊತ್ತ ಒಂದೇ, ಆದರೆ ಆಕಾರ ಬೇರೆ. ಒಂದು ಕಡೆ ದಪ್ಪ ಜಾಸ್ತಿ, ಇನ್ನೊಂದು ಕಡೆ ಅಗಲ ಜಾಸ್ತಿ. ಎರಡರಲ್ಲೂ ಕೂರಬೇಕು ಅಂದರೆ ಪ್ರತಿ ಬದಿಗೂ ಚಿಕ್ಕ ಅಂಕಿಯನ್ನೇ ಹಿಡಿಯಬೇಕು. 54, 35, 23. ಅಂಗಡಿಯವರು 'ಕ್ಯಾಬಿನ್ ಸೈಜ್ ಮೇಡಂ' ಅಂತ ಕೊಡೋ ಎಲ್ಲ ಟ್ರಾಲಿಯೂ ಇದರಲ್ಲಿ ಕೂರಲ್ಲ. ಅವರು ಎಷ್ಟೋ ಸಲ ಪೆಟ್ಟಿಗೆಯನ್ನಷ್ಟೇ ಅಳೆದಿರ್ತಾರೆ. ವಿಮಾನದವರು ಚಕ್ರ, ಹಿಡಿ ಎಲ್ಲ ಸೇರಿಸಿ ಅಳೆಯುತ್ತಾರೆ. ನನ್ನ ಟ್ರಾಲಿ ಚೀಟಿಯಲ್ಲಿ 52 ಅಂತಿದೆ. ಟೇಪ್ ಹಿಡಿದರೆ 55. ಆ ಮೂರು ಸೆಂಟಿಮೀಟರ್ ಪೂರ್ತಿ ಚಕ್ರವೇ. ಸ್ಕೂಟ್‌ನವರು ಚೌಕಟ್ಟಿಗೆ ಹಾಕಿಸಲಿಲ್ಲ, ಬಚಾವ್. ಹಾಕಿಸಿದ್ದರೆ ಆ ಒಂದು ಸೆಂಟಿಮೀಟರಿಗೆ ನಾನು ಏನು ಉತ್ತರ ಕೊಡ್ತಿದ್ದೆನೋ.

ಬ್ಯಾಂಕಾಕ್ ಮೂರು ದಿನ ಬೇರೆ ವಿಡಿಯೋ. ಇಲ್ಲಿ ಸುಮ್ನೆ ಮಾವಿನ ಹಣ್ಣು, ಅಂಟು ಅನ್ನ ತೋರಿಸಿ ಮುಂದೆ ಹೋಗ್ತೇನೆ. ನಮ್ಮ ರಸಾಯನದ ದೂರದ ಸಂಬಂಧಿ.

ಈಗ ಸುವರ್ಣಭೂಮಿ ವಿಮಾನ ನಿಲ್ದಾಣ. ಇಮಿಗ್ರೇಷನ್ ದಾಟಿದ ತಕ್ಷಣ ಸಮುದ್ರ ಮಥನ! ವಾಸುಕಿ, ದೇವರು, ರಾಕ್ಷಸರು, ಮೇಲೆ ವಿಷ್ಣು. ಅಕ್ಕ ಕೈ ಮುಗಿದಳು. ನಾನು ಇಪ್ಪತ್ತು ನಿಮಿಷ ಶೂಟ್ ಮಾಡಿದೆ. ಆ ಇಪ್ಪತ್ತು ನಿಮಿಷದಲ್ಲಿ ಟಿಕೆಟ್‌ನ ಕೆಳಗಿನ ಸಾಲು ಓದಬಹುದಿತ್ತು.

ಇದು ಗೇಟ್. ಇಲ್ಲಿ ಶೂಟ್ ನಿಲ್ಲಿಸಿದ್ದೇನೆ, ಹಾಗಾಗಿ ನೆಲ, ನನ್ನ ಚಪ್ಪಲಿ ಮಾತ್ರ ಕಾಣುತ್ತೆ. ಧ್ವನಿ ಕೇಳಿ.

ವಿಮಾನ ಯಾವುದು ಅಂತ ಹೇಳಲ್ಲ. ಹೇಳಿ ಪ್ರಯೋಜನವೂ ಇಲ್ಲ, ಈ ಕಡೆಯ ಅಗ್ಗದ ವಿಮಾನಗಳಲ್ಲಿ ಇಂಥ ನಿಯಮ ಒಬ್ಬರದ್ದೇ ಅಲ್ಲ. ನಾವು ಮೊಬೈಲಲ್ಲೇ ಚೆಕ್-ಇನ್ ಮಾಡಿದ್ದೆವು. ಕೌಂಟರ್ ಕಡೆ ಹೋಗಲೇ ಇಲ್ಲ. ಹಾಗಾಗಿ ಅಲ್ಲಿವರೆಗೆ ನಮ್ಮ ಬ್ಯಾಗ್ ಯಾರೂ ತೂಗಿರಲಿಲ್ಲ. ಸೆಕ್ಯುರಿಟಿಯವರು ತೂಕ ನೋಡಲ್ಲ. ಇಷ್ಟು ದೂರ ಬಂದಾಯ್ತು, ಇನ್ನೇನು ಅಂದುಕೊಂಡಿದ್ದೆ. ಅಷ್ಟರಲ್ಲಿ ಒಬ್ಬ ಹುಡುಗಿ ಸಣ್ಣ ತೂಕದ ಯಂತ್ರವನ್ನು ತಳ್ಳಿಕೊಂಡು ಬಂದಳು. ನಗುನಗುತ್ತಲೇ. ಟ್ರಾಲಿ ಇಟ್ಟಳು, 6.8. ನಾನು ನಕ್ಕೆ. ಅವಳು ಲ್ಯಾಪ್‌ಟಾಪ್ ಬ್ಯಾಗನ್ನೂ ಅದರ ಮೇಲೆ ಇಟ್ಟಳು. 9.8.

ಒಂಬತ್ತು ಪಾಯಿಂಟ್ ಎಂಟು. ಬೆಂಗಳೂರಲ್ಲಿ ಇದ್ದ ಅಂಕಿಯೇ. ತಿಂದಿದ್ದು ಚಕ್ಕುಲಿ, ಕೊಂಡಿದ್ದು ಟೀ ಶರ್ಟ್, ಲೆಕ್ಕ ಸಮ. ಆದರೆ ಇಲ್ಲಿ 7 ಕೆಜಿ ಅಂದರೆ ಎರಡೂ ಸೇರಿ 7. ನಾನು 2.8 ಕೆಜಿ ಜಾಸ್ತಿ.

1,800 ಬಾತ್. ನಮ್ಮ ದುಡ್ಡಲ್ಲಿ ಹತ್ತಿರ ಹತ್ತಿರ 5,000. ನನ್ನ ಟಿಕೆಟ್ 2,400 ಬಾತ್! ಅಂದರೆ ನನಗಿಂತ ಸ್ವಲ್ಪ ಕಡಿಮೆ ದುಡ್ಡಿಗೆ ನನ್ನ ಟ್ರಾಲಿ ಹಾರುತ್ತೆ. ಅದಕ್ಕೆ ಕಿಟಕಿ ಸೀಟೂ ಇಲ್ಲ. ಇದು ಲೂಟಿ ಅಂತ ಅಕ್ಕನಿಗೆ ಕನ್ನಡದಲ್ಲಿ ಜೋರಾಗಿ ಹೇಳಿದೆ. ಅಕ್ಕ ತನ್ನ ಬ್ಯಾಗ್ ತೂಗಿಸಿಕೊಂಡು ಬಂದಳು. 6.7. ಎರಡೂ ಸೇರಿ!

'ಖಾಲಿ ಟ್ರಾಲಿ ಎಷ್ಟು ತೂಗುತ್ತೆ ಅಂತ ನೋಡಿದ್ದೇನೇ?' ಅಂದಳು.

ನೋಡಿರಲಿಲ್ಲ.

ದುಡ್ಡು ಕಟ್ಟಿದರೆ ಮುಗೀತು ಅಂದುಕೊಂಡೆ, ಮುಗಿಯಲಿಲ್ಲ. ಟ್ರಾಲಿ ಈಗ ಕೆಳಗೆ ಸಾಮಾನಿನ ಜಾಗಕ್ಕೆ ಹೋಗುತ್ತೆ. ಅಲ್ಲಿಗೆ ಪವರ್ ಬ್ಯಾಂಕ್, ಬಿಡಿ ಬ್ಯಾಟರಿ ಹೋಗೋ ಹಾಗಿಲ್ಲ. ಲಿಥಿಯಂ ಬ್ಯಾಟರಿಗೆ ಬೆಂಕಿ ಹತ್ತಿದರೆ ಮೇಲೆ ಜನ ನೋಡಿ ಆರಿಸಬಹುದು, ಕೆಳಗೆ ಯಾರಿರ್ತಾರೆ? ಇದು ಗೇಟ್‌ನಲ್ಲಿ ಟ್ರಾಲಿ ಕೊಡೋರು ಎಲ್ಲರೂ ಮರೆಯೋ ವಿಷಯ. ನನ್ನ ಕ್ಯಾಮೆರಾದ ಎರಡು ಬಿಡಿ ಬ್ಯಾಟರಿ ಟ್ರಾಲಿಯ ತಳದಲ್ಲಿ, ಕಾಲುಚೀಲದ ಒಳಗೆ. ಹಾಗಾಗಿ ನೂರೈವತ್ತು ಜನರ ಎದುರು ನೆಲದ ಮೇಲೆ ಟ್ರಾಲಿ ಬಿಚ್ಚಿದೆ. ಒಗೆಯದ ಬಟ್ಟೆ ಒಂದು ಕಡೆ. ಚಟ್ನಿಪುಡಿ ಪ್ಯಾಕೆಟಿನ ಮೂಲೆ ಯಾವಾಗಲೋ ಹರಿದಿತ್ತು. ಇಡೀ ಗೇಟ್‌ಗೆ ಬೆಳ್ಳುಳ್ಳಿ ವಾಸನೆ. ಪಕ್ಕದ ಮಗು ಸೀನಿತು. ತೂಕದ ಹುಡುಗಿ ಮಾತ್ರ ಈಗಲೂ ನಗುತ್ತಿದ್ದಳು.

ಸೀಟಲ್ಲಿ ಕೂತ ಮೇಲೆ ಸಿಟ್ಟು ಇಳಿಯಿತು. ಮೇಲಿನ ಬಾಕ್ಸ್ ಎಲ್ಲ ತುಂಬಿ, ಒಬ್ಬರು ತಾತ ಬ್ಯಾಗ್ ತಬ್ಬಿಕೊಂಡು ನಿಂತಿದ್ದರು. 180 ಜನ ಕೂರೋ ವಿಮಾನದಲ್ಲಿ ಎಲ್ಲರೂ ನನ್ನ ಹಾಗೆ 10 ಕೆಜಿ ತಂದರೆ ಇಡೋದೆಲ್ಲಿ? ಲೂಟಿ ಅಂದಿದ್ದನ್ನು ವಾಪಸ್ ತಗೊಳ್ತೇನೆ. ಅರ್ಧ ವಾಪಸ್. ನಿಯಮ ಸರಿ, ರೇಟ್ ಲೂಟಿ.

ಕ್ವಾಲಾಲಂಪುರದ ಹೋಟೆಲ್ ರೂಮು. ಎದುರಿಗೆ ಪೆಟ್ರೋನಾಸ್ ಟವರ್ ಕಾಣ್ಬೇಕಿತ್ತು. ಪೋಸ್ಟ್‌ನಲ್ಲಿ 'ಟವರ್ ವ್ಯೂ' ಅಂತಿತ್ತು. ಕಿಟಕಿಯಿಂದ ತಲೆ ಹೊರಗೆ ಹಾಕಿದರೆ ತುದಿ ಕಾಣುತ್ತೆ. ಬಿಡಿ.

ಲೆಕ್ಕ ಮಾಡೋಣ. ಇದು ಅಕ್ಕ ಕೊಂಡ ಕೊಕ್ಕೆ ತಕ್ಕಡಿ, ಬ್ಯಾಗಿನ ಹಿಡಿಗೆ ಸಿಕ್ಕಿಸಿ ಎತ್ತೋದು. ಖಾಲಿ ಟ್ರಾಲಿ 2.9 ಕೆಜಿ! 7 ಕೆಜಿಯಲ್ಲಿ ಏನೂ ತುಂಬದೇ ಸುಮಾರು 3 ಹೋಯಿತು. ಅಕ್ಕನ ಬಟ್ಟೆಯ ಬೆನ್ನುಚೀಲ 900 ಗ್ರಾಂ. ಅದನ್ನೇ ನಾನೂ ತಂದಿದ್ದರೆ 2 ಕೆಜಿ ಉಳಿದು ಒಟ್ಟು 7.8 ಆಗ್ತಿತ್ತು. ಜೊತೆಗೆ ಚಟ್ನಿಪುಡಿ, ಚಕ್ಕುಲಿ 800 ಗ್ರಾಂ ಮನೆಯಲ್ಲೇ ಬಿಟ್ಟು, ಟೀ ಶರ್ಟ್ ಕೊಳ್ಳದೇ ಇದ್ದಿದ್ದರೆ ಸರಿಯಾಗಿ 7.0. ಅಂದರೆ ಬಟ್ಟೆ, ಲ್ಯಾಪ್‌ಟಾಪ್, ಕ್ಯಾಮೆರಾ ಯಾವುದೂ ಬಿಡಬೇಕಿರಲಿಲ್ಲ. ಅಮ್ಮ ಇದನ್ನು ನೋಡ್ತಿದ್ದರೆ, ಅಮ್ಮಾ, ಚಟ್ನಿಪುಡಿಯದ್ದೇನೂ ತಪ್ಪಿಲ್ಲ, ಟ್ರಾಲಿಯದ್ದು.

ವಾಪಸ್ ವಿಮಾನದಲ್ಲೂ ಎರಡೂ ಸೇರಿ 7 ಕೆಜಿ. ಈ ಸಲ ಕೆಳಗಿನ ಸಾಲು ಮೂರು ಸಲ ಓದಿದೆ. ಅದಕ್ಕೇ ಹಿಂದಿನ ರಾತ್ರಿ ಇಲ್ಲೇ ಮೊಬೈಲಲ್ಲಿ ನನ್ನ ಹೆಸರಿಗೆ 20 ಕೆಜಿ ಚೆಕ್-ಇನ್ ಲಗೇಜ್ ತಗೊಂಡೆ. ಗೇಟಲ್ಲಿ ಕೊಟ್ಟಿದ್ದರ ಅರ್ಧಕ್ಕಿಂತ ಕಡಿಮೆ. ಮನೆಯಲ್ಲಿ ಕೂತು ಬುಕ್ ಮಾಡಿದರೆ ಅಗ್ಗ, ಕೌಂಟರಲ್ಲಿ ಜಾಸ್ತಿ, ಗೇಟಲ್ಲಿ ಕುತ್ತಿಗೆಗೆ. ಆನ್‌ಲೈನ್‌ನಲ್ಲಿ ಸೇರಿಸೋದಕ್ಕೂ ಸಮಯದ ಮಿತಿ ಇರುತ್ತೆ, ಹೊರಡೋ ಕೆಲವು ಗಂಟೆ ಮೊದಲೇ ಬಾಗಿಲು ಹಾಕ್ತಾರೆ. ಟ್ಯಾಕ್ಸಿಯಲ್ಲಿ ಹೋಗ್ತಾ ಮಾಡ್ತೀನಿ ಅಂತ ಕೂರಬೇಡಿ. ಇಬ್ಬರಿಗೂ ಬೇರೆ ಬೇರೆ ತಗೊಳ್ಳೋ ಅಗತ್ಯವೂ ಇರಲಿಲ್ಲ. ಅಕ್ಕನ ಭಾರದ ಸಾಮಾನೆಲ್ಲ ನನ್ನ ಟ್ರಾಲಿಗೆ ಬಂತು. ಬ್ಯಾಟರಿಗಳು ಮಾತ್ರ ಮೊದಲೇ ಹೊರಗೆ.

ಇನ್ನೊಂದು, ಮರೆಯೋ ಮೊದಲು. ಟಿಕೆಟ್ ಮಾರಿದ ಕಂಪನಿ ಒಂದು, ಹಾರಿಸೋದು ಇನ್ನೊಂದು ಅಂತ ಇರುತ್ತೆ. ಟಿಕೆಟ್‌ನಲ್ಲಿ Operated by ಅಂತ ಯಾರ ಹೆಸರಿದೆಯೋ, ಕೈಬ್ಯಾಗಿನ ನಿಯಮ ಮೊದಲು ಅವರ ಸೈಟಲ್ಲೇ ನೋಡಿ. ಮೇಕ್‌ಅಪ್ ಬ್ಯಾಗ್ ತೋರಿಸೋಣ ಅಂದುಕೊಂಡಿದ್ದೆ, ಟ್ಯಾಕ್ಸಿ ಬಂತು.

ಬೆಂಗಳೂರು! ಕ್ವಾಲಾಲಂಪುರದ ಗೇಟಲ್ಲಿ ಯಾರೂ ಏನೂ ತೂಗಲಿಲ್ಲ. ಒಬ್ಬರೂ ಇಲ್ಲ, ಯಂತ್ರವೂ ಇಲ್ಲ. ನನ್ನ ಕೈಯಲ್ಲಿ 4 ಕೆಜಿ ಇತ್ತು, ತೋರಿಸೋಣ ಅಂದರೆ ಕೇಳೋರೇ ಇಲ್ಲ. ಕೈಬ್ಯಾಗ್ ಮಾತ್ರ ಇದ್ದವರೆಲ್ಲ ಇಷ್ಟು ಹೊತ್ತಿಗೆ ಬಸ್ ಹತ್ತಿರ್ತಾರೆ. ನಾವು ಬೆಲ್ಟ್ ಹತ್ತಿರ ನಿಂತು ನಲವತ್ತು ನಿಮಿಷ ಆಯ್ತು.

'ಅಲ್ಲಿ ನೋಡೇ, ನೀಲಿ ಟ್ರಾಲಿ ಬಂತು!'

ಅಕ್ಕ, ಅದು ನಮ್ಮದಲ್ಲ. ನಮ್ಮದರಲ್ಲಿ ಚಟ್ನಿಪುಡಿ ವಾಸನೆ ಬರಬೇಕು.