ಬಿ.ಟಿ. ಲೆಟರ್ ಬಂದಿದೆ, ಸಹಿ ಹಾಕ್ಲಾ?

ನಮಸ್ಕಾರ ಕೇಳುಗರೇ. ಹೋದ ವಾರ ನಮ್ಮ ಭಾವ ಒಂದು ಕಾಗದ ತಂದು ನನ್ನ ಮುಂದೆ ಇಟ್ರು, ಹೋಮ್ ಲೋನ್ ಬ್ಯಾಲೆನ್ಸ್ ಟ್ರಾನ್ಸ್‌ಫರ್, ಅಂದ್ರೆ ಬಾಕಿ ಸಾಲನ ಬೇರೆ ಸಂಸ್ಥೆಗೆ ವರ್ಗಾಯಿಸೋ ಬಿ.ಟಿ. ಆಫರ್ ಅದು. ಬಾಕಿ 30 ಲಕ್ಷ, ಇನ್ನೂ 15 ವರ್ಷ ಇದೆ, ಈಗ ಬಡ್ಡಿ 9.25, ಹೊಸಬರು 8.5 ಕೊಡ್ತೀವಿ ಅಂತಾರೆ. ಇಎಂಐ 30,876 ಇದ್ದದ್ದು 29,542 ಆಗತ್ತೆ, ಅಂದ್ರೆ ತಿಂಗಳಿಗೆ 1,334 ಉಳೀತದೆ, ಭಾವ ಆಗ್ಲೇ ಪೆನ್ನು ತೆಗೆದಿದ್ರು.

ನಾನು ಮೊದಲು ಹಳೇ ಸಾಲದ ಪತ್ರ ತರಿಸ್ದೆ. ಮನೆ ಸಾಲ ಫ್ಲೋಟಿಂಗ್, ಅಂದ್ರೆ ಬಡ್ಡಿ ಏರಿಳಿಯೋ ಥರದ್ದಾಗಿದ್ರೆ, ಅವಧಿಗೆ ಮುಂಚೆ ಸಾಲ ಮುಗಿಸೋಕೆ ಫೋರ್‌ಕ್ಲೋಷರ್ ಚಾರ್ಜ್ ತಗೋಬಾರದು ಅಂತ ರಿಸರ್ವ್ ಬ್ಯಾಂಕು 2012ರಲ್ಲೇ ಬ್ಯಾಂಕುಗಳಿಗೆ ಹೇಳಿದೆ. ಆದ್ರೆ ಕೆಲವು ಸಾಲ ಮೊದಲ ಒಂದೆರಡು ವರ್ಷ ಫಿಕ್ಸೆಡ್, ಆಮೇಲೆ ಫ್ಲೋಟಿಂಗ್ ಇರ್ತವೆ. ಆ ಫಿಕ್ಸೆಡ್ ಅವಧಿ ಒಳಗೇ ಕ್ಲೋಸ್ ಮಾಡೋಕೆ ಹೋದ್ರೆ ಚಾರ್ಜ್ ಬೀಳಬಹುದು, ಶೇಕಡಾ 2 ಅಂದ್ರೂ 60,000, ಮೇಲೆ ಜಿಎಸ್‌ಟಿ. ಭಾವಂದು ಫ್ಲೋಟಿಂಗೇ ಇತ್ತು, ಬಚಾವ್. ಆದ್ರೂ ಬಾಯಿಮಾತು ನಂಬ್ಬೇಡಿ, ಹಳೇ ಬ್ಯಾಂಕಿಂದ ಫೋರ್‌ಕ್ಲೋಷರ್ ಸ್ಟೇಟ್‌ಮೆಂಟ್ ಲಿಖಿತವಾಗಿ ತಗೊಳ್ಳಿ.

ಆಮೇಲೆ ಹೊಸಬರ 8.5 ಯಾವ ಥರದ್ದು ಅಂತ ನೋಡಿದ್ವಿ. ಬ್ಯಾಂಕಿನ ಫ್ಲೋಟಿಂಗ್ ಸಾಲ 2019ರ ಅಕ್ಟೋಬರಿಂದ ರೆಪೋ, ಅಂದ್ರೆ ರಿಸರ್ವ್ ಬ್ಯಾಂಕು ಬ್ಯಾಂಕುಗಳಿಗೆ ಸಾಲ ಕೊಡೋ ದರ, ಅಂಥ ಹೊರಗಿನ ದರಕ್ಕೆ ಕಟ್ಟಿರ್ಬೇಕು, ಕಡೇಪಕ್ಷ ಮೂರು ತಿಂಗಳಿಗೊಮ್ಮೆ ರೀಸೆಟ್ ಆಗ್ಬೇಕು. ಹೌಸಿಂಗ್ ಫೈನಾನ್ಸ್ ಕಂಪನಿಗಳಿಗೆ ಆ ಕಟ್ಟು ಇಲ್ಲ, ತಾವೇ ನಿಗದಿ ಮಾಡೋ ಪಿಎಲ್‌ಆರ್ ಅನ್ನೋ ಮೂಲ ದರ ಇಟ್ಕೋತಾರೆ, ರೆಪೋ ಇಳಿದ್ರೂ ಅದು ಕೂಡ್ಲೇ ಇಳೀಬೇಕು ಅಂತೇನಿಲ್ಲ. ಭಾವನ ಲೆಟರಲ್ಲಿ ‘ಪಿಎಲ್‌ಆರ್ ಮೈನಸ್’ ಅಂತ ಸಣ್ಣಕ್ಷರದಲ್ಲಿ ಇತ್ತು. ನಂಗೆ ಅಲ್ಲೇ ಮನಸ್ಸು ಕಸಿವಿಸಿ ಆಯ್ತು.

ಇನ್ನು ಫೀಸು. ಪ್ರೊಸೆಸಿಂಗ್ ಅರ್ಧ ಪರ್ಸೆಂಟ್ 15,000, ಜಿಎಸ್‌ಟಿ ಸೇರಿ 17,700, ಲೀಗಲ್ ಮತ್ತು ವ್ಯಾಲ್ಯುಯೇಶನ್ 6,000, ಒಟ್ಟು 23,700. ಉಳಿತಾಯದಲ್ಲಿ ಇದು ತೀರೋಕೆ ಸುಮಾರು 18 ತಿಂಗಳು. ಮನೆ ಪತ್ರ ಅಡ ಇಡೋ ಎಂಒಡಿ ದಾಖಲೆಯ ಸ್ಟಾಂಪ್, ನೋಂದಣಿ ಖರ್ಚು ಲೆಟರಲ್ಲೇ ಇರ್ಲಿಲ್ಲ. ಕೊನೇ ಪುಟದಲ್ಲಿ ನೋಡಿ, 45,000ದ ಇನ್ಶೂರೆನ್ಸ್ ಪ್ರೀಮಿಯಂ, ಅದನ್ನ ಸಾಲಕ್ಕೇ ಸೇರಿಸ್ತಾರಂತೆ! ಅದಕ್ಕೇ ಇಎಂಐ 443 ಏರ್ತದೆ, ಉಳಿತಾಯ 891ಕ್ಕೆ ಇಳೀತದೆ, 23,700 ತೀರೋಕೆ 27 ತಿಂಗಳು ಬೇಕು.

ನಾನು ಹೇಳಿದ್ದಿಷ್ಟೆ: ಭಾವ, ಕೀ ಫ್ಯಾಕ್ಟ್ ಸ್ಟೇಟ್‌ಮೆಂಟ್ ಕೇಳಿ, ಅದರಲ್ಲಿ ಎಲ್ಲಾ ಚಾರ್ಜ್ ಸೇರಿಸಿದ ವಾರ್ಷಿಕ ದರ, ಅಂದ್ರೆ ಎಪಿಆರ್, ಇರ್ಲೇಬೇಕು, ಇನ್ಶೂರೆನ್ಸ್ ತೆಗೆದು ಹೊಸದಾಗಿ ಪ್ರಿಂಟ್ ಮಾಡಿ ಕೊಡಿ ಅನ್ನಿ. ಅದಾದ್ಮೇಲೆ ಹಳೇ ಬ್ಯಾಂಕಿಗೂ ಹೋಗಿ, ಸಣ್ಣ ಕನ್ವರ್ಷನ್ ಫೀಸ್ ತಗೊಂಡು ಬಡ್ಡಿ ಇಳಿಸ್ತೀರಾ ಅಂತ ಕೇಳಿ. ಭಾವ ಪೆನ್ನು ಜೇಬಿಗೆ ಹಾಕ್ಕೊಂಡು, ನಾಳೆ ಬೆಳಿಗ್ಗೆ ಮೊದಲು ಅಲ್ಲಿಗೇ ಹೋಗ್ತೀನಿ ಅಂದ್ರು.