ಕೆಂಪಿರುವೆ ಕಚ್ಚಿದಾಗ

ಕೇಳುಗರಿಗೆ ನಮಸ್ಕಾರ.

ಮುಂಗಾರಿನ ಮೊದಲ ಎರಡು ಮೂರು ಮಳೆ ಬಿದ್ದರೆ ಸಾಕು, ಕಾಲು ಊದಿಸಿಕೊಂಡು ಆಸ್ಪತ್ರೆಗೆ ಬರುವವರು ಜಾಸ್ತಿಯಾಗುತ್ತಾರೆ. ಏನಾಯ್ತಮ್ಮಾ ಅಂದರೆ, ಕೆಂಪಿರುವೆ ಕಚ್ಚಿತು ಡಾಕ್ಟ್ರೇ ಅನ್ನುತ್ತಾರೆ. ಎಲ್ಲಿ ಕಚ್ಚಿತು, ಮರದ ಕೆಳಗೋ ನೆಲದ ಮೇಲೋ ಅಂತ ನಾನು ಕೇಳುತ್ತೇನೆ. ಇದೇನು ಡಾಕ್ಟ್ರು ಹೀಗೆ ಕೇಳ್ತಾರೆ ಅಂತ ಅವರಿಗೆ ಆಶ್ಚರ್ಯ. ಆದರೆ ಮನೆಯಲ್ಲಿ ಏನು ಮಾಡಬೇಕು ಅನ್ನುವುದು ಈ ಪ್ರಶ್ನೆಯ ಮೇಲೇ ನಿಂತಿದೆ.

ಮಾವು, ಗೇರು, ಹಲಸಿನ ಮರದಲ್ಲಿ ಎಲೆಗಳನ್ನು ಸೇರಿಸಿ ಗೂಡು ಹೊಲಿಯುವ ಉದ್ದ ಕಾಲಿನ ಇರುವೆ ಇದೆಯಲ್ಲ, ಅದು ಚಗಳಿ. ಮಲೆನಾಡಿನಲ್ಲಿ ಅದರ ಚಟ್ನಿ ಮಾಡುವವರೂ ಇದ್ದಾರೆ. ಈ ಚಗಳಿಗೆ ಚುಚ್ಚುವ ಮುಳ್ಳು ಇಲ್ಲ. ಅದು ದವಡೆಯಿಂದ ಚರ್ಮ ಕಚ್ಚಿ ಹಿಡಿದು, ಹಿಂಭಾಗವನ್ನು ಬಗ್ಗಿಸಿ ಆ ಗಾಯದ ಮೇಲೆ ಆಮ್ಲ ಚಿಮ್ಮಿಸುತ್ತದೆ. ಉರಿ ಜೋರು, ಆದರೆ ಬೇಗ ಇಳಿಯುತ್ತದೆ. ಕಿತ್ತು ಹಾಕಿ, ಸೋಪು ನೀರಿನಲ್ಲಿ ತೊಳೆದರೆ ಸಾಮಾನ್ಯವಾಗಿ ಅಷ್ಟೇ ಸಾಕು. ಮಾವಿನಕಾಯಿ ಕೀಳುವಾಗ ಆ ಆಮ್ಲ ಕಣ್ಣಿಗೆ ಸಿಡಿದರೆ ಮಾತ್ರ ಉಜ್ಜದೆ, ಹತ್ತು ಹದಿನೈದು ನಿಮಿಷ ಶುದ್ಧ ನೀರು ಹರಿಸಿ ತೊಳೆಯಬೇಕು. ಆಮೇಲೂ ಕಣ್ಣು ಕೆಂಪಗಿದ್ದು ಉರಿಯುತ್ತಿದ್ದರೆ ವೈದ್ಯರಿಗೆ ತೋರಿಸಿ.

ನಾನು ಇವತ್ತು ಮುಖ್ಯವಾಗಿ ಹೇಳಬೇಕಾಗಿರುವುದು ಇನ್ನೊಂದರ ಬಗ್ಗೆ. ನೆಲದಲ್ಲಿ, ಬಿಸಿಲು ಬೀಳುವ ಕಡೆ, ಗಿಡದ ಬುಡದಲ್ಲಿ ಸಣ್ಣಗೆ ಮಣ್ಣು ಹೊರಹಾಕಿ ಗೂಡು ಮಾಡುವ ಬೆಂಕಿ ಇರುವೆ. ಗಾತ್ರ ಚಿಕ್ಕದು, ಮೂರರಿಂದ ಆರು ಮಿಲಿಮೀಟರ್. ಒಂದೇ ಗೂಡಿನಲ್ಲಿ ಸಣ್ಣವೂ ಇರುತ್ತವೆ, ನಡುವೆ ದೊಡ್ಡ ಚೌಕ ತಲೆಯವೂ ಇರುತ್ತವೆ. ಆ ದೊಡ್ಡ ತಲೆಯವು ಕಾಳು ಪುಡಿ ಮಾಡುವ ಕೆಲಸದವು. ಈ ಇರುವೆ ಮೂಲದಲ್ಲಿ ನಮ್ಮದಲ್ಲ, ಅಮೆರಿಕ ಖಂಡದ್ದು. 16ನೇ ಶತಮಾನದಲ್ಲಿ ಮೆಕ್ಸಿಕೋದ ಅಕಾಪುಲ್ಕೋದಿಂದ ಮನಿಲಾಕ್ಕೆ ಓಡಾಡುತ್ತಿದ್ದ ಸ್ಪೇನಿನ ಹಡಗುಗಳಲ್ಲಿ ಏಷ್ಯಾಕ್ಕೆ ಬಂದಿರಬೇಕು ಅಂತ ವಂಶವಾಹಿ ಅಧ್ಯಯನ ಮಾಡಿದವರು ಹೇಳುತ್ತಾರೆ. ಮೆಣಸಿನಕಾಯಿಯೂ ಆ ಕಡೆಯಿಂದಲೇ ಬಂದದ್ದು. ಉರಿ ಹಚ್ಚುವ ಎರಡೂ ಒಂದೇ ಕಡೆಯವು, ಅಲ್ವಾ?

ಇದು ಬರೀ ಕಚ್ಚುವುದಿಲ್ಲ, ಚುಚ್ಚುತ್ತದೆ. ದವಡೆಯಿಂದ ಚರ್ಮವನ್ನು ಹಿಡಿದುಕೊಳ್ಳುವುದು ಬರೀ ಆಸರೆಗೆ. ನಿಜವಾದ ಕೆಲಸ ಹಿಂದಿನ ಮುಳ್ಳಿನದು. ಒಮ್ಮೆ ಚುಚ್ಚಿ, ಹಿಡಿತ ಬಿಡದೆ ಸುತ್ತ ತಿರುಗಿ ಮತ್ತೆ ಮತ್ತೆ ಚುಚ್ಚುತ್ತದೆ. ಹಾಗಾಗಿ ಒಂದೇ ಇರುವೆಯಿಂದ ನಾಲ್ಕಾರು ಗುಳ್ಳೆ ಏಳಬಹುದು. ಇದರ ವಿಷ ಆಮ್ಲ ಅಲ್ಲ, ಬಹುಪಾಲು ಎಣ್ಣೆಯಂಥ ರಾಸಾಯನಿಕ. ಚರ್ಮದ ಒಳಗೆ ಸೇರಿದಲ್ಲಿ ಅಲ್ಲಿನ ಜೀವಕೋಶಗಳನ್ನು ಸಾಯಿಸುತ್ತದೆ, ತುರಿಕೆ ತರುವ ಹಿಸ್ಟಮಿನ್ ಹೊರಬರುವಂತೆ ಮಾಡುತ್ತದೆ. ಇರುವೆ ವಿಷ ಅಂದರೆ ಆಮ್ಲ, ಅಡುಗೆ ಸೋಡಾ ಹಚ್ಚಿದರೆ ಇಳಿಯುತ್ತದೆ ಅಂತ ಎಲ್ಲರೂ ಹೇಳುತ್ತಾರಲ್ಲ, ಅದು ಈ ಇರುವೆಗೆ ಹೊಂದುವ ಮಾತಲ್ಲ. ವಿಷ ಒಳಗಿದೆ, ಸೋಡಾ ಹೊರಗಿದೆ. ಅದೂ ಅಲ್ಲದೆ ಸೋಡಾ ಹೋಗಿ ತಣಿಸಲು ಅಲ್ಲಿ ಆಮ್ಲವೇ ಇಲ್ಲ.

ಹೋದ ವರ್ಷ ನನ್ನ ಬಳಿ ಬಂದಿದ್ದ ಒಬ್ಬ ಗೃಹಿಣಿಯ ಕಥೆ ಹೇಳಿದರೆ ಎಲ್ಲ ತಿಳಿಯುತ್ತದೆ. ಮಳೆ ನಿಂತ ಬೆಳಿಗ್ಗೆ ಮಲ್ಲಿಗೆ ಬಳ್ಳಿಯ ಬುಡದಲ್ಲಿ ಕಳೆ ಕೀಳುತ್ತಾ ಕೂತಿದ್ದರು. ಪಾದದ ಪಕ್ಕದ ಸಡಿಲ ಮಣ್ಣು ಗೂಡು ಅಂತ ಗೊತ್ತಾಗಿರಲಿಲ್ಲ. ಇರುವೆಗಳು ಸದ್ದಿಲ್ಲದೆ ಹಿಮ್ಮಡಿ, ಮೀನಖಂಡದ ತನಕ ಹತ್ತಿದವು. ಆಮೇಲೆ ಎಲ್ಲವೂ ಹೆಚ್ಚುಕಡಿಮೆ ಒಟ್ಟಿಗೇ ಚುಚ್ಚಿದವು. ಅವರು ಎದ್ದು ನಲ್ಲಿಗೆ ಓಡಿ ಕಾಲಿಗೆ ನೀರು ಬಿಟ್ಟರು. ಇರುವೆಗಳು ಬೀಳಲಿಲ್ಲ. ದವಡೆ ಕಚ್ಚಿ ಹಿಡಿದಿರುವ ಇರುವೆಯನ್ನು ನೀರು ಕೊಚ್ಚಿಕೊಂಡು ಹೋಗುವುದಿಲ್ಲ. ಆ ಹೊತ್ತಿನಲ್ಲಿ ಮಾಡಬೇಕಾದದ್ದು ಎರಡೇ. ಮೊದಲು ಗೂಡಿನಿಂದ ನಾಲ್ಕು ಹೆಜ್ಜೆ ದೂರ ಹೋಗುವುದು. ಆಮೇಲೆ ಅಂಗೈಯಿಂದಲೋ ಒರಟು ಬಟ್ಟೆಯಿಂದಲೋ ಜೋರಾಗಿ ಉಜ್ಜಿ ಉದುರಿಸುವುದು. ಸೀರೆ ಅಂಚು, ಪ್ಯಾಂಟಿನ ಮಡಿಕೆ, ಸಾಕ್ಸ್, ಚಪ್ಪಲಿ ಪಟ್ಟಿಯಲ್ಲಿ ಸೇರಿಕೊಂಡವು ಇನ್ನೂ ಚುಚ್ಚುತ್ತಲೇ ಇರುತ್ತವೆ. ಬಟ್ಟೆ ಬದಲಿಸಿಬಿಡುವುದೇ ವಾಸಿ.

ಉದುರಿಸಿದ ಮೇಲೆ ನೀರು ಬೇಕು. ಸೋಪು ಹಚ್ಚಿ ತೊಳೆದು, ಕಾಲುಂಗುರ, ಗೆಜ್ಜೆ, ಕೈಗಾದರೆ ಉಂಗುರ, ಬಳೆ ತಕ್ಷಣ ತೆಗೆಯಬೇಕು. ಇದನ್ನು ಜನ ಮರೆಯುತ್ತಾರೆ. ಒಂದು ಗಂಟೆ ಬಿಟ್ಟರೆ ಬೆರಳು ಊದಿ ಉಂಗುರ ಕತ್ತರಿಸಬೇಕಾಗುತ್ತದೆ. ನಂತರ ಮಂಜುಗಡ್ಡೆಯನ್ನು ಬಟ್ಟೆಯಲ್ಲಿ ಸುತ್ತಿ ಹತ್ತು ನಿಮಿಷ ಇಡಿ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಇಡಿ. ಫ್ರಿಜ್ ಇಲ್ಲದಿದ್ದರೆ ಮಡಕೆ ನೀರಿನಲ್ಲಿ ಅದ್ದಿದ ಬಟ್ಟೆಯೂ ಆಗುತ್ತದೆ. ಕಾಲನ್ನು ದಿಂಬಿನ ಮೇಲೆ ಎತ್ತರಿಸಿ ಇಟ್ಟುಕೊಳ್ಳಿ. ತುರಿಕೆಗೆ ದೊಡ್ಡವರು ಸೆಟಿರಿಜಿನ್ ಹತ್ತು ಮಿಲಿಗ್ರಾಂ ಮಾತ್ರೆ ಒಂದು ತೆಗೆದುಕೊಳ್ಳಬಹುದು. ಕೆಲವರಿಗೆ ನಿದ್ದೆ ಬರುತ್ತದೆ, ಹಾಗಾಗಿ ಗಾಡಿ ಓಡಿಸಬೇಡಿ. ಮಕ್ಕಳಿಗೆ, ಗರ್ಭಿಣಿಯರಿಗೆ, ಮೂತ್ರಪಿಂಡದ ತೊಂದರೆ ಇರುವವರಿಗೆ ವೈದ್ಯರನ್ನು ಕೇಳಿಯೇ ಕೊಡಿ. ಮೇಲೆ ಹಚ್ಚಲು ಕ್ಯಾಲಮೈನ್ ಲೋಷನ್ ಸಾಕು. ಮೆಡಿಕಲ್ ಶಾಪಿನಲ್ಲಿ ತುರಿಕೆಗೆ ಅಂತ ಕೇಳಿದರೆ ಮೂರು ನಾಲ್ಕು ಔಷಧಿ ಬೆರೆಸಿದ, ಜೋರಾದ ಸ್ಟೀರಾಯ್ಡ್ ಇರುವ ಕ್ರೀಮು ಕೈಗೆ ಕೊಟ್ಟುಬಿಡುವುದುಂಟು. ಅದು ಬೇಡ.

ನಮ್ಮ ಗೃಹಿಣಿ ಮಾಡಿದ್ದೇ ಬೇರೆ. ಎಲೆಅಡಿಕೆ ಡಬ್ಬಿಯ ಸುಣ್ಣ ಹಚ್ಚಿದರು. ಸುಣ್ಣ ತಾನೇ ಚರ್ಮ ಸುಡುವ ವಸ್ತು. ಇರುವೆಯ ಉರಿಯ ಮೇಲೆ ಸುಣ್ಣದ ಉರಿ ಕೂತು, ಪಾದದ ಮೇಲೆ ಚರ್ಮ ಸುಲಿಯಿತು. ಸೀಮೆಎಣ್ಣೆಯೂ ಹೀಗೇ ಚರ್ಮ ಕೆಡಿಸುತ್ತದೆ. ಟೂತ್‌ಪೇಸ್ಟ್ ಹಚ್ಚಿದರೆ ತಂಪಾದಂತೆ ಅನಿಸುತ್ತದೆ, ಅಷ್ಟೇ. ಅರಿಶಿನ ಹಚ್ಚಿದರೆ ಕೆಂಪಾಗಿದೆಯೋ ಇಲ್ಲವೋ ನನಗೆ ನೋಡಲಿಕ್ಕೇ ಆಗುವುದಿಲ್ಲ!

ಮಾರನೇ ದಿನ ಅವರ ಕಾಲಿನಲ್ಲಿ ಸಾಸಿವೆ ಗಾತ್ರದ ಬಿಳಿ ಗುಳ್ಳೆಗಳು ಎದ್ದವು. ಕೀವು ಅಂದುಕೊಂಡು ಹೊಲಿಗೆ ಸೂಜಿಯಿಂದ ಚುಚ್ಚಿ ಹಿಂಡಿದರು. ಅದು ರೋಗಾಣು ಸೇರಿ ಆಗುವ ನಂಜಿನ ಕೀವಲ್ಲ. ವಿಷದಿಂದ ಸತ್ತ ಜೀವಕೋಶಗಳು ಅಲ್ಲಿ ಸೇರಿರುತ್ತವೆ, ಒಳಗೆ ರೋಗಾಣು ಇರುವುದಿಲ್ಲ. ಸುಮ್ನೆ ಬಿಟ್ಟರೆ ವಾರ, ಹತ್ತು ದಿನದಲ್ಲಿ ಒಣಗಿ ಉದುರುತ್ತದೆ. ಒಡೆದರೆ ಮಾತ್ರ ಉಗುರಿನ ಕೊಳೆ, ಮಣ್ಣು ಒಳಗೆ ಹೋಗುತ್ತದೆ. ಅವರು ನನ್ನ ಬಳಿ ಬಂದದ್ದು ನಾಲ್ಕನೇ ದಿನ. ಗುಳ್ಳೆ ಸುತ್ತ ಬಿಸಿ, ಮುಟ್ಟಿದರೆ ನೋವು, ಮೇಲಕ್ಕೆ ಹರಡುತ್ತಿದ್ದ ಕೆಂಪು, ಸಣ್ಣ ಜ್ವರ. ಅದು ನಿಜವಾದ ನಂಜು, ಆಂಟಿಬಯೋಟಿಕ್ ಬೇಕಾಯಿತು.

ಇಲ್ಲಿ ಒಂದು ಸೂಕ್ಷ್ಮ ಇದೆ. ಮೊದಲ ಒಂದೆರಡು ದಿನದಲ್ಲೇ ಕಾಲು ದಪ್ಪಗೆ ಊದಿ, ಕೆಂಪಾಗಿ, ತುರಿಸುತ್ತಿದ್ದರೆ ಅದು ಹೆಚ್ಚಾಗಿ ಅಲರ್ಜಿಯ ಊತ. ನೋವಿಗಿಂತ ತುರಿಕೆ ಮುಂದಿರುತ್ತದೆ. ನಂಜು ನಿಧಾನಕ್ಕೆ ಬರುತ್ತದೆ, ಇಳಿಯುತ್ತಿದ್ದ ಊತ ಮತ್ತೆ ಏರುತ್ತದೆ, ತುರಿಕೆಗಿಂತ ನೋವು ಜಾಸ್ತಿ. ಗೊತ್ತಾಗದಿದ್ದರೆ ಕೆಂಪಿನ ಅಂಚಿನಲ್ಲಿ ಬಾಲ್‌ಪೆನ್ನಿನಿಂದ ಗೆರೆ ಎಳೆದಿಡಿ. ಎರಡನೇ ದಿನದ ನಂತರವೂ ಕೆಂಪು ಆ ಗೆರೆ ದಾಟುತ್ತಿದ್ದರೆ ತೋರಿಸಿ. ಸಕ್ಕರೆ ಕಾಯಿಲೆ ಇರುವವರು ಗೆರೆ ನೋಡುತ್ತಾ ಕೂರಬೇಡಿ. ಅವರ ಪಾದಕ್ಕೆ ಸ್ಪರ್ಶವೇ ಕಡಿಮೆ, ಇರುವೆ ಹತ್ತಿದ್ದೂ ತಿಳಿಯದೆ ಇರಬಹುದು. ಗುಳ್ಳೆ ಕಂಡರೆ ಅವತ್ತೇ ಬನ್ನಿ.

ಇನ್ನು, ತಡ ಮಾಡಬಾರದ ಸಂದರ್ಭ ಒಂದಿದೆ. ಇರುವೆ ಚುಚ್ಚಿದ್ದು ಕಾಲಿಗೆ, ಆದರೆ ಕೆಲವೇ ನಿಮಿಷದಲ್ಲಿ ಮೈತುಂಬಾ ಪಿತ್ತಗಂಧೆಯಂಥ ದದ್ದು. ತುಟಿ, ಕಣ್ಣು, ನಾಲಿಗೆ ಊದುವುದು. ಗಂಟಲು ಬಿಗಿದಂತೆ, ಉಸಿರಿನಲ್ಲಿ ಸುಯ್ ಸುಯ್ ಸದ್ದು. ವಾಂತಿ, ಹೊಟ್ಟೆ ನುಲಿತ, ತಲೆ ಸುತ್ತಿ ಬೀಳುವುದು. ವಿಷದಲ್ಲಿ ಸ್ವಲ್ಪವೇ ಇರುವ ಪ್ರೊಟೀನಿಗೆ ಇಡೀ ದೇಹ ಅಲರ್ಜಿಯಾದರೆ ಹೀಗಾಗುತ್ತದೆ. ಹಿಂದೆ ಹತ್ತು ಸಲ ಚುಚ್ಚಿಸಿಕೊಂಡು ಏನೂ ಆಗದವರಿಗೂ ಆಗಬಹುದು, ಒಂದೇ ಇರುವೆಯಿಂದಲೂ ಆಗಬಹುದು. ಇದಕ್ಕೆ ಮನೆಮದ್ದಿಲ್ಲ. ಸೆಟಿರಿಜಿನ್ ನುಂಗಿ ಕಾಯುವ ಹೊತ್ತೂ ಅಲ್ಲ. ತೊಡೆಗೆ ಕೊಡುವ ಅಡ್ರಿನಲಿನ್ ಇಂಜೆಕ್ಷನ್ ಒಂದೇ ಸರಿಯಾದ ಮದ್ದು. 108ಕ್ಕೆ ಫೋನ್ ಮಾಡಿ, ಇಲ್ಲವೇ ಹತ್ತಿರದ ಆಸ್ಪತ್ರೆಗೆ ಕರೆದೊಯ್ಯಿರಿ. ಅಲ್ಲಿಯತನಕ ಮಲಗಿಸಿ ಕಾಲು ಎತ್ತರಿಸಿ. ಉಸಿರಾಡಲು ಕಷ್ಟವಾದರೆ ಕೂರಿಸಿ. ಎಬ್ಬಿಸಿ ನಡೆಸಬೇಡಿ. ಒಮ್ಮೆ ಚೇತರಿಸಿಕೊಂಡಂತೆ ಕಂಡವರಿಗೆ ಕೆಲವು ಗಂಟೆ ಬಿಟ್ಟು ಮತ್ತೆ ಕೆರಳಬಹುದು. ಅದಕ್ಕೇ ಆಸ್ಪತ್ರೆಯಲ್ಲಿ ಇರಿಸಿಕೊಂಡರೆ, ಚೆನ್ನಾಗಿದ್ದೀನಲ್ಲ ಅಂತ ಎದ್ದು ಬರಬೇಡಿ.

ಈಗ ಹೊಸ್ತಿಲಿಗೆ ಬರೋಣ. ಮಳೆ ನೀರು ಗೂಡಿಗೆ ನುಗ್ಗಿದಾಗ ಇರುವೆ ಒಣ ಜಾಗ ಹುಡುಕುತ್ತಾ ಬಾಗಿಲ ಚೌಕಟ್ಟಿನ ಬಿರುಕಿಗೆ ಬರುತ್ತದೆ. ಹಿಂದೆ ಅಕ್ಕಿಹಿಟ್ಟಿನ ರಂಗೋಲಿ ಹಾಕುತ್ತಿದ್ದದ್ದೇ ಇರುವೆಗೆ ಊಟವಾಗಲಿ ಅಂತ ಅನ್ನುತ್ತಾರೆ. ಒಳ್ಳೆಯ ಮನಸ್ಸೇ, ಆದರೆ ಅಂಬೆಗಾಲಿಡುವ ಮಗು ಇರುವ ಮನೆಯಲ್ಲಿ ಕಲ್ಲುಪುಡಿ ರಂಗೋಲಿಯೇ ಇರಲಿ. ತುಳಸಿ ಕಟ್ಟೆಯ ನೈವೇದ್ಯದ ಬಾಳೆಹಣ್ಣು, ಬೆಲ್ಲವನ್ನೂ ಪೂಜೆ ಮುಗಿದ ಮೇಲೆ ಎತ್ತಿಬಿಡಿ. ಹಾಸಿಗೆ ಹಿಡಿದ ಹಿರಿಯರು, ಚಾಪೆ ಮೇಲೆ ಮಲಗಿಸಿದ ಕೂಸು ಇದ್ದರೆ ರಾತ್ರಿ ಒಮ್ಮೆ ಎದ್ದು ನೋಡಿ. ಅವರು ಉಜ್ಜಿ ಉದುರಿಸಿಕೊಳ್ಳಲಾರರು.

ಇರುವೆ ಚಾಕ್ ಎಳೆದರೆ ಓಡಾಡುವ ಇರುವೆ ಸಾಯುತ್ತದೆ, ಗೂಡಿನ ರಾಣಿಗೆ ಏನೂ ಆಗುವುದಿಲ್ಲ. ಅಂಗಳದ ಗೂಡಿಗೆ ಕುದಿಯುವ ನೀರು ಹತ್ತು ಲೀಟರಿನಷ್ಟು ನಿಧಾನವಾಗಿ ಸುರಿಯಬಹುದು. ಆದರೆ ಇದು ಪ್ರತಿ ಸಲವೂ ಫಲಿಸುವುದಿಲ್ಲ, ಗಿಡದ ಬೇರೂ ಬೆಂದುಹೋಗುತ್ತದೆ. ಮಲ್ಲಿಗೆ ಬುಡದ ಗೂಡಿಗೆ ಈ ಉಪಾಯ ಬೇಡ.

ಅಂಥ ಕಡೆ ನಿಧಾನದ ದಾರಿ ಒಳ್ಳೆಯದು. ನೂರು ಮಿಲಿಲೀಟರ್ ಬೆಚ್ಚಗಿನ ನೀರಿಗೆ ಎರಡು ಚಹಾ ಚಮಚ ಸಕ್ಕರೆ, ಕಾಲು ಚಮಚ ಬೋರಿಕ್ ಪೌಡರ್ ಕರಗಿಸಿ. ಅದರಲ್ಲಿ ಹತ್ತಿ ಅದ್ದಿ, ಮುಚ್ಚಳಕ್ಕೆ ತೂತು ಮಾಡಿದ ಸಣ್ಣ ಡಬ್ಬಿಯಲ್ಲಿ ಹಾಕಿ, ಇರುವೆ ಸಾಲಿನ ಪಕ್ಕ ಇಡಿ. ಪೌಡರ್ ಜಾಸ್ತಿ ಹಾಕಿದರೆ ಇರುವೆ ದಾರಿಯಲ್ಲೇ ಸಾಯುತ್ತದೆ. ಕಡಿಮೆ ಇದ್ದರೆ ಹೊಟ್ಟೆಯಲ್ಲಿ ಹೊತ್ತುಕೊಂಡು ಹೋಗಿ ಗೂಡಿನಲ್ಲಿ ಉಳಿದವುಗಳ ಬಾಯಿಗೆ ಹಂಚುತ್ತದೆ. ಆ ಡಬ್ಬಿ ಮಗುವಿಗೂ ನಾಯಿಗೂ ಸಿಗಬಾರದು. ಮೊದಲ ದಿನಗಳಲ್ಲಿ ಸಾಲು ಕಡಿಮೆಯಾಗುವ ಬದಲು ಹೆಚ್ಚುತ್ತದೆ. ಆಗ ಗಾಬರಿಯಾಗಿ ಚಾಕ್ ಎಳೆಯಬೇಡಿ. ಎರಡು ದಿನಕ್ಕೊಮ್ಮೆ ಹತ್ತಿ ಬದಲಿಸುತ್ತಾ ಎರಡು ಮೂರು ವಾರ ಬಿಡಿ.

ನಮಸ್ಕಾರ.